ಬಾಗಿಲ ಸಂದಿಯಲ್ಲಿ ನಿಂತ ಮಗು

ಎರಡೂವರೆ ವರ್ಷದ ಮಗು ಆಟ ಬಿಟ್ಟು ಮೆಲ್ಲಗೆ ಎದ್ದು ಬಾಗಿಲ ಸಂದಿಗೆ ಹೋಗುತ್ತದೆ. ತುದಿಗಾಲ ಮೇಲೆ ನಿಂತು, ಒಂದು ಕಾಲಿಗೆ ಇನ್ನೊಂದನ್ನು ಹೆಣೆದು, ಗೋಡೆಯನ್ನೋ ಮಂಚದ ಅಂಚನ್ನೋ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮುಖ ಕೆಂಪಾಗುತ್ತದೆ, ಕಣ್ಣಲ್ಲಿ ನೀರು ತುಂಬುತ್ತದೆ, ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ. ಎರಡು ನಿಮಿಷ ಕಳೆದ ಮೇಲೆ ಏನೂ ಆಗದವರಂತೆ ಮತ್ತೆ ಆಟಕ್ಕೆ ಬರುತ್ತದೆ. ನೋಡಿದವರೆಲ್ಲ ಹೇಳುವುದು ಒಂದೇ ಮಾತು: ಪಾಪ, ಎಷ್ಟು ತಿಣುಕಿದರೂ ಹೊರಗೆ ಬರ್ತಾ ಇಲ್ಲ. ಆದರೆ ಮಲ ಹೊರಹಾಕಲು ಹೊರಟ ದೇಹ ಹೀಗೆ ನಿಲ್ಲುವುದಿಲ್ಲ. ಅದು ಮೊಣಕಾಲು ಮಡಿಸಿ ಕುಕ್ಕರಗಾಲಲ್ಲಿ ಕೂರುತ್ತದೆ, ಮುಂದಕ್ಕೆ ಬಾಗುತ್ತದೆ, ಕುಂಡೆಯನ್ನು ಸಡಿಲ ಬಿಡುತ್ತದೆ. ಸಂದಿಯಲ್ಲಿ ನಿಂತ ಮಗು ಮಾಡುತ್ತಿರುವುದು ಇದಕ್ಕೆ ತೀರಾ ಉಲ್ಟಾ. ಅದು ಹೊರಗೆ ಬರಲು ಹೊರಟಿದ್ದನ್ನು ತನ್ನೆಲ್ಲ ಬಲದಿಂದ ಒಳಗೇ ತಡೆದು ಹಿಡಿಯುತ್ತಿದೆ. ತಿಣುಕುವುದಕ್ಕೂ ತಡೆಯುವುದಕ್ಕೂ ಇರುವ ಈ ವ್ಯತ್ಯಾಸ ಗೊತ್ತಾಗದಿದ್ದರೆ ಮುಂದೆ ಮಾಡುವ ಉಪಚಾರವೆಲ್ಲ ತಪ್ಪು ದಾರಿ ಹಿಡಿಯುತ್ತದೆ. ತಿಣುಕುವ ಮಗುವಿಗೆ ಬಲ ಸಾಲದು ಎಂದು ನಾವು ಒತ್ತಾಯ ಸೇರಿಸುತ್ತೇವೆ. ತಡೆಯುವ ಮಗುವಿಗೆ ಒತ್ತಾಯ ಮಾಡಿದಷ್ಟೂ ಅದು ಇನ್ನಷ್ಟು ಗಟ್ಟಿಯಾಗಿ ತಡೆಯುತ್ತದೆ.

ಮಗು ತಡೆಯುವುದು ಹೇಗೆ ಎಂದು ತಿಳಿಯಲು ದೊಡ್ಡ ಕರುಳಿನ ಕೊನೆಯ ಒಂದು ಗೇಣಿನಷ್ಟು ಜಾಗವನ್ನು ನೋಡಿದರೆ ಸಾಕು. ಗುದದ್ವಾರದಲ್ಲಿ ಒಂದರ ಸುತ್ತ ಒಂದರಂತೆ ಸ್ನಾಯುವಿನ ಎರಡು ಬಳೆಗಳಿವೆ. ಒಳಗಿನ ಬಳೆ ನಮ್ಮ ಮಾತು ಕೇಳುವುದಿಲ್ಲ. ಮಲ ಬಂದು ಗುದನಾಳ ಹಿಗ್ಗಿದೊಡನೆ ಅದು ತನ್ನಷ್ಟಕ್ಕೆ ಸಡಿಲವಾಗುತ್ತದೆ. ನಮಗೆ 'ಬಂತು' ಅನ್ನಿಸುವುದು ಆಗಲೇ. ಹೊರಗಿನ ಬಳೆ ನಮ್ಮ ಇಚ್ಛೆಗೆ ಒಳಪಟ್ಟದ್ದು. ಬಿಡಬೇಕೋ ತಡೆಯಬೇಕೋ ಎಂಬ ತೀರ್ಮಾನ ಅಲ್ಲಿ ಆಗುತ್ತದೆ. ಹಸುಗೂಸಿಗೆ ಈ ಹೊರಬಳೆಯ ಮೇಲೆ ಹಿಡಿತವಿಲ್ಲ. ಒಂದೂವರೆ ವರ್ಷ ದಾಟಿದ ಮೇಲೆ ಅದು ನಿಧಾನವಾಗಿ ಬರುತ್ತದೆ, ನಾವು ಕಕ್ಕ ಹೇಳುವುದನ್ನು ಕಲಿಸಲು ಹೊರಡುವುದೂ ಆಗಲೇ. ಆದರೆ ಕಲಿತ ಕೈಚಳಕ ಒಂದೇ: ಸರಿಯಾದ ಜಾಗ ಸಿಗುವ ತನಕ ತಡೆಯಬಲ್ಲ ಮಗು, ಬೇಡವೆನಿಸಿದರೆ ನಾಲ್ಕು ದಿನವೂ ತಡೆಯಬಲ್ಲದು. ಹೊರಬಳೆಯನ್ನು ಬಿಗಿಹಿಡಿದರೆ ಸ್ವಲ್ಪ ಹೊತ್ತಿಗೆ ಆ ಒತ್ತರ ಹೊರಟುಹೋಗುತ್ತದೆ, ಮಲ ಸ್ವಲ್ಪ ಹಿಂದೆ ಸರಿದು ಅಲ್ಲೇ ಕೂರುತ್ತದೆ. ದೊಡ್ಡ ಕರುಳಿನ ಕೆಲಸವೇ ನೀರು ಹೀರುವುದು, ಒಳಗಿನದು ಬೇಕಾದ್ದೋ ಬೇಡದ್ದೋ ಎಂದು ಅದು ನೋಡುವುದಿಲ್ಲ. ಒಂದು ದಿನ ಹೆಚ್ಚು ಉಳಿದರೆ ಮಲ ಗಟ್ಟಿಯಾಗುತ್ತದೆ, ಮೂರು ದಿನ ಉಳಿದರೆ ಹಿಂದಿನಿಂದ ಬಂದದ್ದೂ ಸೇರಿ ಉಂಡೆಯಾಗುತ್ತದೆ. ಕೊನೆಗೊಮ್ಮೆ ತಡೆಯಲಾಗದೆ ಅದು ಹೊರಬರುವಾಗ ಚರ್ಮ ಸೀಳುತ್ತದೆ, ಮಲದ ಮೇಲ್ಮೈಯಲ್ಲಿ ಕೆಂಪು ಗೀರಿನಂತೆ ರಕ್ತ ಕಾಣುತ್ತದೆ, ಮಗು ಕಿರುಚುತ್ತದೆ. ಎರಡು ವರ್ಷದ ತಲೆ ಇದರಿಂದ ಕಲಿಯುವ ಪಾಠ ಸರಳ: ಕಕ್ಕ ಬಂದರೆ ನೋವು, ಬಿಡಬಾರದು. ಹಾಗಾಗಿ ಮುಂದಿನ ಸಲ ಇನ್ನೂ ಹೆಚ್ಚು ತಡೆಯುತ್ತದೆ, ಅದು ಇನ್ನೂ ಗಟ್ಟಿಯಾಗುತ್ತದೆ. ಗಾಣದ ಎತ್ತಿನಂತೆ ಇದು ಸುತ್ತುತ್ತಲೇ ಇರುತ್ತದೆ.

ಈ ಸುತ್ತು ಶುರುವಾಗುವುದು ಎಲ್ಲಿಂದ? ಹಟದಿಂದ ತಡೆದದ್ದಕ್ಕೆ ಮಲ ಗಟ್ಟಿಯಾಯಿತೋ, ಮಲ ಗಟ್ಟಿಯಾಗಿ ನೋವಾದದ್ದಕ್ಕೆ ತಡೆಯಿತೋ? ಬಹುಪಾಲು ಮನೆಗಳಲ್ಲಿ ನಂಬುವುದು ಮೊದಲನೆಯದನ್ನು. ಅಮೆರಿಕದ ಫಿಲಡೆಲ್ಫಿಯಾ ನಗರದ ಹೊರವಲಯದಲ್ಲಿ ನೇಥನ್ ಬ್ಲಮ್, ಬ್ರೂಸ್ ಟಾಬ್‌ಮನ್ ಮತ್ತು ಸಂಗಡಿಗರು ಇದನ್ನು ನೇರವಾಗಿ ಪರೀಕ್ಷಿಸಿದರು. ಕಲಿಕೆ ಶುರುವಾಗುವ ವಯಸ್ಸಿನಿಂದಲೇ 380 ಮಕ್ಕಳನ್ನು ಹಿಂಬಾಲಿಸಿ, ಮಲ ಯಾವಾಗ ಗಟ್ಟಿಯಾಯಿತು, ಮಗು ಟಾಯ್ಲೆಟ್ಟಿನಲ್ಲಿ ಕಕ್ಕ ಮಾಡಲು ಯಾವಾಗ ಒಲ್ಲೆ ಅಂದಿತು ಎಂದು ತಂದೆತಾಯಿಗಳಿಂದ ಆಗಾಗ ಕೇಳಿ ಬರೆದಿಟ್ಟುಕೊಂಡರು. 2004ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಸುಮಾರು ಕಾಲುಭಾಗ ಮಕ್ಕಳು ಒಲ್ಲೆ ಅಂದಿದ್ದರು. ಅವರಲ್ಲಿ ಗಟ್ಟಿ ಮಲದ ತೊಂದರೆ ಇದ್ದವರ ಪೈಕಿ ಹೆಚ್ಚುಕಮ್ಮಿ ಎಲ್ಲರಿಗೂ ಮಲಬದ್ಧತೆ ಮೊದಲು ಬಂದಿತ್ತು, ನಿರಾಕರಣೆ ಆಮೇಲೆ. ಕ್ರಮ ಇದೇ ಆಗಿದ್ದರೆ ಉಪಚಾರದ ಕ್ರಮವೂ ಇದೇ ಆಗಬೇಕು ಎಂಬುದು ನನ್ನ ವಾದ. ಮೊದಲು ನೋವು ಹೋಗಬೇಕು. ನೋವಿನ ನೆನಪು ಮಾಸುವಷ್ಟು ಕಾಲ ಮಲ ಮೆತ್ತಗಿರಬೇಕು. ಟಾಯ್ಲೆಟ್ಟಿನ ಪಾಠ ಅದರ ನಂತರದ್ದು. ನಮ್ಮ ಮನೆಗಳಲ್ಲಿ ನಡೆಯುವುದು ಇದರ ತಿರುವುಮುರುವು: ಮೊದಲು ಕೂರಿಸುತ್ತೇವೆ, ಆಮೇಲೆ ಬೈಯುತ್ತೇವೆ, ಕೊನೆಗೆ ಔಷಧ.

ಇದಕ್ಕೆ ಮಲೆನಾಡಿನ ಅಜ್ಜಿಯರ ಕಡೆಯಿಂದ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ನಮ್ಮ ಕಾಲದಲ್ಲಿ ಡೈಪರೂ ಇರಲಿಲ್ಲ, ಈ ಪಾಠವೂ ಇರಲಿಲ್ಲ. ಮೂರು ತಿಂಗಳ ಕೂಸನ್ನೇ ಕಾಲಮೇಲೆ ಕೂರಿಸಿಕೊಂಡು 'ಶ್ ಶ್' ಅಂದರೆ ಆಗುತ್ತಿತ್ತು, ವರ್ಷ ತುಂಬುವಾಗ ಎಲ್ಲ ಕಲಿತಿರುತ್ತಿದ್ದವು ಎನ್ನುತ್ತಾರೆ. ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಪೂರ್ವ ಆಫ್ರಿಕಾದ ಡಿಗೊ ಜನ ಹೀಗೆಯೇ ಕೂಸುಗಳನ್ನು ಐದಾರು ತಿಂಗಳಿಗೆ ಪಳಗಿಸುತ್ತಾರೆ ಎಂದು ಡಿವ್ರೀಸ್ ದಂಪತಿ 1977ರಲ್ಲೇ ವರದಿ ಮಾಡಿದ್ದಾರೆ. 18 ತಿಂಗಳಿಗೆ ಮೊದಲು ಮಗು ಸಿದ್ಧವಾಗಿರುವುದಿಲ್ಲ ಎಂದು 1962ರಲ್ಲಿ ಬ್ರೇಜಲ್ಟನ್ ಹೇಳಿದ್ದನ್ನು ಇಡೀ ಲೋಕದ ನಿಯಮ ಮಾಡಿಕೊಂಡವರಿಗೆ ಅದು ಒಳ್ಳೆಯ ಉತ್ತರ. ಆದರೆ ಅಜ್ಜಿಯ ಪದ್ಧತಿಯನ್ನು ಬಿಡಿಸಿ ನೋಡಿ. ಅಲ್ಲಿ ಮಗು ಹಾಲು ಕುಡಿದಾದ ಮೇಲೆ, ಅಂದರೆ ಹೊಟ್ಟೆ ತುಂಬಿ ಕರುಳು ತಾನಾಗಿ ಚುರುಕಾಗುವ ಹೊತ್ತಿಗೆ, ಅದನ್ನು ಕೂರಿಸುತ್ತಾರೆ. ದೊಡ್ಡವರ ಎರಡು ಪಾದಗಳ ನಡುವೆ ಅದರ ಮೊಣಕಾಲು ಮಡಿಸಿರುತ್ತದೆ, ಬೆನ್ನಿಗೆ ಆಸರೆ ಇರುತ್ತದೆ, ಕುಂಡೆ ಬಿಸಿ ಕಾಲಿಗೆ ತಗಲಿರುತ್ತದೆ. ಬಂದರೆ ಬಂತು, ಬರದಿದ್ದರೆ ಎತ್ತಿಕೊಂಡು ಹೋದರು. ಇಲ್ಲಿ ಮಗುವಿಗೆ ಯಾರೂ ಆಜ್ಞೆ ಮಾಡುತ್ತಿಲ್ಲ, ತಡೆಯುವ ಶಕ್ತಿಯೇ ಬಾರದ ಕೂಸಿನ ಸಹಜ ಕ್ರಿಯೆಗೆ ಹೊತ್ತು ನೋಡಿ ಜಾಗ ಕೊಡುತ್ತಿದ್ದಾರೆ, ಅಷ್ಟೆ. ಎರಡೂವರೆ ವರ್ಷದವರೆಗೆ ಡೈಪರಿನಲ್ಲಿ ನಿಂತೇ ಕಕ್ಕ ಮಾಡಿದ ಮಗುವನ್ನು ಅಂಗನವಾಡಿಗೆ ಸೇರಿಸುವ ಮೊದಲು ಹದಿನೈದು ದಿನದಲ್ಲಿ ಕಲಿಸಿಬಿಡುತ್ತೇವೆಂದು ತಣ್ಣನೆಯ ಕಮೋಡಿನ ಮೇಲೆ ಕಾಲು ಜೋತಾಡುವಂತೆ ಕೂರಿಸುವುದು ಬೇರೆಯೇ ಕೆಲಸ. ಈಗಿನ ಮಗುವಿಗೆ ಅಜ್ಜಿಯ ಹೊತ್ತು, ಅಜ್ಜಿಯ ಭಂಗಿ ಎರಡೂ ಬೇಕು. ಅಜ್ಜಿ ಹೇಳುವ ವಯಸ್ಸು ಮಾತ್ರ ದಾಟಿಹೋಗಿರುತ್ತದೆ.

ಇನ್ನು ಊಟದ ವಿಷಯ. ಮಲ ಕಟ್ಟಿದರೆ 'ಉಷ್ಣ ಆಗಿದೆ' ಅನ್ನುತ್ತೇವೆ, ಮಳೆಗಾಲದಲ್ಲಿ 'ಶೀತ' ಎಂದು ಬಾಳೆಹಣ್ಣು ಪೇರಲೆಗಳನ್ನು ತಡೆಯುತ್ತೇವೆ. ಈ ಎರಡು ಮಾತುಗಳ ನಡುವೆ ಮಗುವಿನ ತಟ್ಟೆಯಲ್ಲಿ ಏನು ಉಳಿಯುತ್ತದೆ ಎಂದು ಒಂದು ಲೆಕ್ಕ ಹಾಕಿ ನೋಡೋಣ. ತೀರ್ಥಹಳ್ಳಿ ತಾಲ್ಲೂಕಿನ ತೋಟದ ಮನೆಯೊಂದನ್ನು ಊಹಿಸಿಕೊಳ್ಳಿ. ಮಗುವಿಗೆ ಎರಡೂವರೆ ವರ್ಷ, ತೂಕ 12 ಕಿಲೋ. ಆಗುಂಬೆ ಕಡೆಯಿಂದ ಮಳೆ ಹೊಡೆಯುತ್ತಿರುವ ಆಷಾಢ. ಬೆಳಿಗ್ಗೆ, ಮಧ್ಯಾಹ್ನ ಮಲಗುವಾಗ, ರಾತ್ರಿ ಮಲಗುವಾಗ ಒಂದೊಂದು ಬಾಟಲಿಯಂತೆ ಮುಕ್ಕಾಲು ಲೀಟರು ಹಾಲು. ತಿಂಡಿಗೆ ಎರಡು ಸಣ್ಣ ನೀರುದೋಸೆ, ಮಧ್ಯಾಹ್ನ ತಿಳಿಸಾರನ್ನ, ಸಂಜೆ ನಾಲ್ಕು ಬಿಸ್ಕತ್ತು, ರಾತ್ರಿ ಮೊಸರನ್ನ. ಮುಕ್ಕಾಲು ಲೀಟರು ಹಸುವಿನ ಹಾಲಿನಿಂದಲೇ ಸುಮಾರು 500 ಕ್ಯಾಲೊರಿ ಸಿಗುತ್ತದೆ. ಈ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾದದ್ದು 1,100ರ ಆಸುಪಾಸು. ಅರ್ಧದಷ್ಟು ಹೊಟ್ಟೆಯನ್ನು ನಾರೇ ಇಲ್ಲದ ಹಾಲು ತುಂಬಿಬಿಟ್ಟಿತು. ಉಳಿದರ್ಧ ಪಾಲಿಶ್ ಮಾಡಿದ ಅಕ್ಕಿ. ಅದರ 100 ಗ್ರಾಮಿನಲ್ಲಿ ನಾರು ಮೂರು ಗ್ರಾಮೂ ಇಲ್ಲ. ಮಗು ಮೂರು ಹೊತ್ತೂ ಸೇರಿ ತಿನ್ನುವ ಅಕ್ಕಿ 85 ಗ್ರಾಂ ಎಂದಿಟ್ಟುಕೊಂಡರೆ ಬಿಸ್ಕತ್ತನ್ನು ಸೇರಿಸಿದರೂ ನಾರು ಮೂರು ಗ್ರಾಮಿನೊಳಗೇ ನಿಲ್ಲುತ್ತದೆ. ಮಕ್ಕಳ ವೈದ್ಯರು ಬಳಸುವ ಸುಲಭ ಲೆಕ್ಕವೆಂದರೆ ವಯಸ್ಸಿಗೆ ಐದು ಕೂಡಿಸಿದಷ್ಟು ಗ್ರಾಂ, ಅಂದರೆ ಈ ಮಗುವಿಗೆ ಏಳೂವರೆ. ಮಲ ಕಟ್ಟಿದ್ದಕ್ಕೆ ಉಷ್ಣವನ್ನು ಹುಡುಕಿಕೊಂಡು ಹೋಗಬೇಕಾಗಿಯೇ ಇಲ್ಲ.

ಮನೆಯಲ್ಲಿ ಕೆಲವರು 'ರಾಗಿ ಮಣ್ಣಿ ಕೊಡುತ್ತೇವಲ್ಲ' ಅನ್ನಬಹುದು. ರಾಗಿಯಲ್ಲಿ 100 ಗ್ರಾಮಿಗೆ 11 ಗ್ರಾಂ ನಾರಿದೆ ನಿಜ. ಆದರೆ ಮಣ್ಣಿ ಮಾಡುವುದು ಹೇಗೆ? ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ಹಾಲು ಮಾತ್ರ ತೆಗೆದು ಕಾಸುತ್ತಾರೆ. ನಾರಿನ ಬಹುಭಾಗ ಬಟ್ಟೆಯಲ್ಲಿ ಉಳಿದು ಕೊಟ್ಟಿಗೆಯ ಕಲಗಚ್ಚಿಗೆ ಹೋಗುತ್ತದೆ. ಆರು ತಿಂಗಳ ಕೂಸಿಗೆ ಆ ನುಣುಪು ಸರಿ, ಹಲ್ಲು ಬಂದ ಮಗುವಿಗೆ ಸೋಸದ ರಾಗಿಹಿಟ್ಟಿನ ಗಂಜಿಯನ್ನೇ ಕೊಡಬಹುದು. ಅದೇ ತಟ್ಟೆಯನ್ನು ಸ್ವಲ್ಪ ಬದಲಿಸಿ ನೋಡಿ. ಹಾಲನ್ನು ಬಾಟಲಿಯಿಂದ ಲೋಟಕ್ಕೆ ತಂದು ಎರಡು ಹೊತ್ತು 200 ಮಿಲಿಲೀಟರಿನಂತೆ ಕೊಟ್ಟರೆ ಹಸಿವು ತಾನಾಗಿ ಬರುತ್ತದೆ. ಬೆಳಿಗ್ಗೆ 20 ಗ್ರಾಂ ರಾಗಿಹಿಟ್ಟಿನ ಗಂಜಿಯಿಂದ ಎರಡು ಗ್ರಾಮಿಗಿಂತ ಹೆಚ್ಚು ನಾರು, ಮಧ್ಯಾಹ್ನ ಅನ್ನದ ಜೊತೆ ಒಂದು ಸಣ್ಣ ಹಿಡಿ, ಸುಮಾರು 15 ಗ್ರಾಂ, ಸಿಪ್ಪೆಸಹಿತ ಹೆಸರುಕಾಳನ್ನು ಬೇಯಿಸಿ ಹಿಸುಕಿದರೆ ಎರಡೂವರೆ ಗ್ರಾಂ, ಸಂಜೆ ಬಿಸ್ಕತ್ತಿನ ಬದಲು ನಾಲ್ಕಾರು ಹೋಳು ಪಪ್ಪಾಯಿಯಿಂದ ಒಂದೂವರೆ, ಎರಡು ಹೊತ್ತಿನ ಅನ್ನದಿಂದ ಇನ್ನೊಂದೂವರೆ. ಅಂಗಡಿಗೆ ಹೋಗದೆ ಏಳೂವರೆ ತಲುಪಿತು. ಬಸಳೆ ಹುಳಿ, ಬಾಳೆದಿಂಡಿನ ಪಲ್ಯ, ಕಾಲದಲ್ಲಿ ಹಲಸಿನ ತೊಳೆ ಅದರ ಮೇಲಿನ ಲಾಭ. ನೀರು ಕೂಡ ಹೀಗೆಯೇ: ಮಳೆಗಾಲದಲ್ಲಿ ಬಾಯಾರದ ಮಗುವಿಗೆ ಊಟದ ಜೊತೆ ನೆನಪಿನಿಂದ ಕೊಡಬೇಕು, ಆದರೆ ಹಾಲು, ಗಂಜಿ, ಸಾರು ಎಲ್ಲ ಸೇರಿ ದಿನಕ್ಕೆ ಒಂದು ಲೀಟರಿನ ಸುತ್ತಮುತ್ತ ಇದ್ದರೆ ಆಯಿತು. ಹೆಚ್ಚಿಗೆ ಕುಡಿಸಿದ ನೀರು ಮೂತ್ರವಾಗಿ ಹೋಗುತ್ತದೆ, ಮಲಕ್ಕೆ ಸೇರುವುದಿಲ್ಲ. ಇಷ್ಟೆಲ್ಲ ಮಾಡಿಯೂ, ಔಷಧ ಕೊಟ್ಟೂ ಬಗ್ಗದ ಕೆಲವು ಮಕ್ಕಳಿಗೆ ಹಸುವಿನ ಹಾಲೇ ಒಗ್ಗದಿರಬಹುದು. ಇಟಲಿಯ ಇಯಾಕೊನೊ ಮತ್ತು ಸಂಗಡಿಗರು 1998ರಲ್ಲಿ ಇಂಥ 65 ಮಕ್ಕಳಿಗೆ ಹಾಲು ನಿಲ್ಲಿಸಿ ಸೋಯಾ ಹಾಲು ಕೊಟ್ಟಾಗ 44 ಮಕ್ಕಳು ಸುಧಾರಿಸಿದರು. ಅವರೆಲ್ಲ ತಜ್ಞರ ಬಳಿಗೆ ಬಂದ ಕಠಿಣ ಪ್ರಕರಣಗಳು ಎಂಬುದನ್ನು ಮರೆಯಬಾರದು. ಎಲ್ಲ ಮಕ್ಕಳಿಗೂ ಹಾಲು ಬಿಡಿಸಲು ಇದು ಆಧಾರವಾಗದು.

ಆದರೆ ಆಹಾರದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹೇಳದೆ ಬಿಡುವ ಒಂದು ಮಾತಿದೆ. ಈಗಾಗಲೇ ಒಳಗೆ ಕೂತ ಉಂಡೆಯನ್ನು ಯಾವ ಹಣ್ಣೂ ಕರಗಿಸುವುದಿಲ್ಲ. ಸಾಕಷ್ಟು ನಾರು, ಸಾಕಷ್ಟು ನೀರು ಬೇಕು, ಸಾಕಾದದ್ದಕ್ಕಿಂತ ಹೆಚ್ಚು ಕೊಟ್ಟರೆ ಮಲಬದ್ಧತೆ ವಾಸಿಯಾಗುತ್ತದೆ ಎನ್ನುವುದಕ್ಕೆ ಪುರಾವೆ ಇಲ್ಲ ಎಂದು ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರರೋಗ ತಜ್ಞರ 2014ರ ಜಂಟಿ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಬಾಯಿ ಕಟ್ಟಿದ ಚೀಲಕ್ಕೆ ಮೇಲಿನಿಂದ ತುಂಬಿದಂತೆ, ಉಂಡೆ ಇರುವಾಗ ನಾರು ಸುರಿದರೆ ಮುಂದೆ ಬರುವ ಮಲ ಇನ್ನೂ ದಪ್ಪವಾಗುತ್ತದೆ, ಹೊಟ್ಟೆ ಇನ್ನೂ ಉಬ್ಬುತ್ತದೆ. ಉಂಡೆ ಇದೆ ಎಂದು ತಿಳಿಯುವುದು ಹೇಗೆ? ವಾರಕ್ಕೆ ಎರಡೇ ಸಲ ಅಥವಾ ಇನ್ನೂ ಕಡಿಮೆ ಹೋಗುವುದು, ಹೋದಾಗ ದೊಡ್ಡವರದರಷ್ಟು ದಪ್ಪ ಮಲ ಬರುವುದು, ಹೊಟ್ಟೆಯ ಕೆಳಭಾಗದಲ್ಲಿ ಕೈಗೆ ಗಟ್ಟಿಯಾಗಿ ಸಿಗುವುದು. ಇವೆಲ್ಲಕ್ಕಿಂತ ಜನರನ್ನು ದಾರಿ ತಪ್ಪಿಸುವ ಲಕ್ಷಣವೆಂದರೆ ಭೇದಿಯಂತೆ ಕಾಣುವ ಸೋರಿಕೆ. ಉಂಡೆಯ ಹಿಂದಿನಿಂದ ಬಂದ ನೀರುಮಲ ಅದರ ಅಂಚಿನಲ್ಲಿ ಜಾರಿ ದಿನಕ್ಕೆ ಐದಾರು ಸಲ ಚಡ್ಡಿಯನ್ನು ಕೊಳೆ ಮಾಡುತ್ತದೆ. ಹಿಗ್ಗಿ ಹಿಗ್ಗಿ ಸೋತ ಗುದನಾಳಕ್ಕೆ ಆ ಹೊತ್ತಿಗೆ ಏನೂ ತಿಳಿಯುವುದಿಲ್ಲ, ಆದ್ದರಿಂದ 'ನಂಗೆ ಗೊತ್ತಾಗಲಿಲ್ಲ' ಎನ್ನುವ ಮಗು ಸುಳ್ಳು ಹೇಳುತ್ತಿಲ್ಲ. ಇದನ್ನು ಭೇದಿ ಎಂದುಕೊಂಡು ಕಟ್ಟುವ ಔಷಧ ಕೊಡುವುದು, ಕಲಿತದ್ದನ್ನು ಬೇಕೆಂದೇ ಮರೆತಿದೆ ಎಂದು ಹೊಡೆಯುವುದು, ಎರಡೂ ನಡೆಯುತ್ತವೆ.

ಹಾಗಾದರೆ ಉಂಡೆ ಹೊರಬರುವುದು ಹೇಗೆ? ಇಲ್ಲಿ ಹಳ್ಳಿಮನೆಯ ವಾದ ಬಲವಾಗಿಯೇ ಇದೆ: ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಇಟ್ಟರೆ ಐದೇ ನಿಮಿಷ, ತೊಟ್ಟಿಲ್ಲದಿದ್ದರೆ ಸೋಪಿನ ಚೂರು. ಕೆಲಸ ಆಗುತ್ತದೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಗುದದ್ವಾರವನ್ನು ಕೆಣಕಿದರೆ ತುದಿಯಲ್ಲಿದ್ದದ್ದು ಹೊರಬರಲೇಬೇಕು. ಆದರೆ ಮಗು ಕಾಯುತ್ತಿರುವುದೇ ಆ ಬಾಗಿಲನ್ನು. ನೋವಾದ ಜಾಗಕ್ಕೆ, ಇಬ್ಬರು ಕೈಕಾಲು ಹಿಡಿದುಕೊಂಡು, ಉರಿಯುವ ವಸ್ತುವನ್ನು ತೂರಿಸಿದ ಮೇಲೆ ಅದು ಮುಂದಿನ ವಾರ ಬಳೆಯನ್ನು ಇನ್ನಷ್ಟು ಬಿಗಿಯುತ್ತದೆ. ಬಾಯಿಯಿಂದ ಕೊಡುವ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿ ಉಂಡೆ ತೆಗೆಯುವುದರಲ್ಲಿ ಎನಿಮಾದಷ್ಟೇ ಸಮರ್ಥ ಎಂದು ಅಧ್ಯಯನಗಳು ತೋರಿಸಿರುವುದರಿಂದ ಕೆಳಗಿನಿಂದ ಕೈ ಹಾಕುವ ಅಗತ್ಯ ಬಹಳ ಸಲ ಬೀಳುವುದೇ ಇಲ್ಲ. ಆ ಪುಡಿ ರಕ್ತಕ್ಕೆ ಹೆಚ್ಚುಕಮ್ಮಿ ಸೇರುವುದಿಲ್ಲ. ನೀರನ್ನು ಹಿಡಿದಿಟ್ಟುಕೊಂಡು ಕರುಳಿನುದ್ದಕ್ಕೂ ಸಾಗಿ ಮಲವನ್ನು ನೆನೆಸುತ್ತದೆ, ಅಷ್ಟೆ. ಮಾರ್ಗಸೂಚಿಯ ಪ್ರಕಾರ ಉಂಡೆ ತೆಗೆಯಲು ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ, ಮೂರರಿಂದ ಆರು ದಿನ. ನಮ್ಮ 12 ಕಿಲೋ ಮಗುವಿಗೆ ಅದು 12ರಿಂದ 18 ಗ್ರಾಂ ಆಗುತ್ತದೆ. ಆಮೇಲೆ ದಿನವೂ ಮೆತ್ತಗಿರಲು ಕಿಲೋಗೆ 0.2ರಿಂದ 0.8 ಗ್ರಾಂ, ಅಂದರೆ ಐದಾರು ಗ್ರಾಮಿನಿಂದ ಶುರುಮಾಡಿ ಮಲ ನೋಡಿಕೊಂಡು ಹೆಚ್ಚುಕಡಿಮೆ ಮಾಡುವುದು. ಇದು ಸಿಗದ ಕಡೆ ಲ್ಯಾಕ್ಟುಲೋಸ್ ಸಿರಪ್ಪು. ಈ ಲೆಕ್ಕ ವೈದ್ಯರು ಹೊಟ್ಟೆ ಮುಟ್ಟಿ ನೋಡಿದ ಮೇಲೆ ಹಾಕುವಂಥದ್ದು. ಉಂಡೆ ಹೊರಬರುವ ದಿನಗಳಲ್ಲಿ ಸೋರಿಕೆ ಹೆಚ್ಚುತ್ತದೆ ಎಂದು ಮೊದಲೇ ಹೇಳದಿದ್ದರೆ ಮನೆಯವರು ಭೇದಿ ಎಂದು ಹೆದರಿ ಎರಡನೇ ದಿನಕ್ಕೇ ನಿಲ್ಲಿಸಿಬಿಡುತ್ತಾರೆ.

ದಿನವೂ ಔಷಧ ಕೊಟ್ಟರೆ ಕರುಳು ಸೋಮಾರಿಯಾಗುವುದಿಲ್ಲವೇ, ಮುಂದೆ ಅದಿಲ್ಲದೆ ಆಗದೇ ಹೋದರೆ? ಈ ಭಯ ತಿಳಿದವರಲ್ಲೇ ಹೆಚ್ಚು. ನೀರು ಹಿಡಿದಿಡುವ ಈ ಬಗೆಯ ಔಷಧ ಕರುಳನ್ನು ಅಟ್ಟುವುದಿಲ್ಲ, ಹೊಡೆಯುವುದಿಲ್ಲ, ಅದಕ್ಕೆ ಅದು ಒಗ್ಗಿಹೋಗುವ ಪ್ರಶ್ನೆ ಏಳುವುದಿಲ್ಲ. ಸೋತಿರುವುದು ಹಿಗ್ಗಿದ ಗುದನಾಳ. ಅದು ಖಾಲಿಯಾಗಿದ್ದು ಮತ್ತೆ ತನ್ನ ಅಳತೆಗೆ ಬರಲು, ಒತ್ತರ ಮತ್ತೆ ತಿಳಿಯಲು ತಿಂಗಳುಗಳು ಬೇಕು. ಆದ್ದರಿಂದಲೇ ಕನಿಷ್ಠ ಎರಡು ತಿಂಗಳು ಕೊಡಬೇಕು, ಲಕ್ಷಣಗಳೆಲ್ಲ ಹೋಗಿ ಒಂದು ತಿಂಗಳಾದ ಮೇಲೆ ಮಾತ್ರ ನಿಧಾನವಾಗಿ ಇಳಿಸಬೇಕು, ಕಲಿಯುವ ವಯಸ್ಸಿನ ಮಗುವಾದರೆ ಟಾಯ್ಲೆಟ್ಟಿನ ಅಭ್ಯಾಸ ಕುದುರಿದ ಮೇಲೇ ನಿಲ್ಲಿಸಬೇಕು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ತಜ್ಞರ ಬಳಿಗೆ ಹೋದ ಮಕ್ಕಳಲ್ಲೂ ಆರರಿಂದ ಹನ್ನೆರಡು ತಿಂಗಳಲ್ಲಿ ಔಷಧವಿಲ್ಲದೆ ಸರಿಹೋಗುವವರು ಸುಮಾರು ಅರ್ಧದಷ್ಟು ಮಾತ್ರ. ಒಂದು ವಾರದ ಸಿರಪ್ಪಿನಲ್ಲಿ ಮುಗಿಯಿತು ಎಂದುಕೊಂಡವರ ಮನೆಯಲ್ಲಿ ಅದು ಮುಗಿದಿರುವುದಿಲ್ಲ.

ಈ ಮೆತ್ತಗಿನ ತಿಂಗಳುಗಳಲ್ಲಿ ಕಲಿಕೆಯನ್ನು ಹೇಗೆ ಮತ್ತೆ ಶುರುಮಾಡುವುದು ಎನ್ನುವುದರಲ್ಲಿ ಅವಸರದವರಿಗೆ ಒಪ್ಪಿಗೆಯಾಗದ ಒಂದು ಹೆಜ್ಜೆ ಇದೆ: ಮೊದಲು ನಿಲ್ಲಿಸಬೇಕು. ಮಗು ಡೈಪರ್ ಕೇಳಿದರೆ ಡೈಪರ್, ಬಾಗಿಲ ಸಂದಿಯೇ ಬೇಕೆಂದರೆ ಬಾಗಿಲ ಸಂದಿ. ಇದು ಸೋಲೊಪ್ಪಿಕೊಂಡಂತೆ, ಮಗು ತಲೆಮೇಲೆ ಕೂರುತ್ತದೆ ಎನ್ನುವವರಿದ್ದಾರೆ. ಸದ್ಯಕ್ಕೆ ಬೇಕಿರುವುದು ಬಿಡುವ ಅಭ್ಯಾಸ, ಎಲ್ಲಿ ಬಿಡಬೇಕು ಎನ್ನುವುದು ಎರಡನೆಯ ಪಾಠ. ಎರಡು ವಾರ ನೋವಿಲ್ಲದೆ ಹೋಗಿದ್ದೇ ಆದರೆ ಸಂದಿಯಿಂದ ಬಚ್ಚಲಿಗೆ ಜಾಗ ಬದಲಿಸಬಹುದು, ಡೈಪರ್ ಹಾಗೇ ಇರಲಿ. ಅದು ರೂಢಿಯಾದ ಮೇಲೆ ಡೈಪರ್ ಹಾಕಿಕೊಂಡೇ ಪಾಟಿ ಸೀಟಿನ ಮೇಲೆ ಕೂರುವುದು, ಆಮೇಲೆ ಅದನ್ನು ಸಡಿಲಿಸುವುದು, ಕೊನೆಗೆ ತೆಗೆಯುವುದು. ಒಂದೊಂದು ಹೆಜ್ಜೆಗೂ ಕೆಲವು ದಿನ ಹಿಡಿಯುತ್ತದೆ, ಎಲ್ಲಿ ಮಗು ಮತ್ತೆ ಬಿಗಿಯುತ್ತದೋ ಅಲ್ಲಿಂದ ಒಂದು ಹೆಜ್ಜೆ ಹಿಂದೆ ಬರಬೇಕು. ಕೂರಿಸುವ ಹೊತ್ತು ಅಜ್ಜಿ ಹೇಳಿದ್ದೇ: ತಿಂಡಿಯಾದ ಮೇಲೆ, ರಾತ್ರಿ ಊಟವಾದ ಮೇಲೆ, ಹೊಟ್ಟೆಗೆ ಬಿದ್ದದ್ದು ಕರುಳನ್ನು ಎಬ್ಬಿಸುವ ಆ ಹದಿನೈದು ಇಪ್ಪತ್ತು ನಿಮಿಷದೊಳಗೆ. ಕೂರುವುದು ಐದು ನಿಮಿಷ, ಅದಕ್ಕಿಂತ ಹೆಚ್ಚಾದರೆ ಅದು ಶಿಕ್ಷೆಯಾಗುತ್ತದೆ. ಏನೂ ಬರದಿದ್ದರೂ ಕೂತದ್ದಕ್ಕೆ ಒಂದು ಒಳ್ಳೆಯ ಮಾತು.

ಭಂಗಿಯಲ್ಲಿ ಮುಖ್ಯವಾದದ್ದು ಪಾದ. ಕಾಲು ಜೋತಾಡುವಾಗ ಮಗು ಬೀಳದಿರಲು ತೊಡೆ ಬಿಗಿಯುತ್ತದೆ, ತೊಡೆ ಬಿಗಿದರೆ ಕುಂಡೆಯೂ ಬಿಗಿಯುತ್ತದೆ. ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲೆ ಬರುವಂತೆ ಪಾದಕ್ಕೆ ಆಧಾರ ಕೊಟ್ಟರೆ ಗುದನಾಳವನ್ನು ಮುಂದಕ್ಕೆ ಎಳೆದು ಮಡಿಸಿಟ್ಟಿರುವ ಸ್ನಾಯು ಸಡಿಲಾಗಿ ದಾರಿ ನೇರವಾಗುತ್ತದೆ. ಕುಕ್ಕರಗಾಲಲ್ಲಿ ಕೂತಾಗ ಹೆಚ್ಚು ತಿಣುಕದೆ ಬೇಗ ಆಗುತ್ತದೆ ಎಂದು ದೊಡ್ಡವರ ಮೇಲೆ ನಡೆದ ಸಣ್ಣ ಅಧ್ಯಯನಗಳೂ ತೋರಿಸಿವೆ. ಇದಕ್ಕೆಂದು ಸ್ಟೂಲು ಕೊಳ್ಳಬೇಕಿಲ್ಲ, ಊಟಕ್ಕೆ ಕೂರುವ ಹಳೆಯ ಮಣೆ ಎರಡನ್ನು ಒಂದರ ಮೇಲೊಂದಿಟ್ಟು ಅಲುಗದಂತೆ ಕಟ್ಟಿದರೆ ನಡೆಯುತ್ತದೆ. ನೆಲಮಟ್ಟದ ಕಮೋಡಿನಲ್ಲಿ ಭಂಗಿ ಸರಿ, ಆದರೆ ಗುಂಡಿ ದೊಡ್ಡದು, ಎರಡು ವರ್ಷದ ಕಾಲಿಗೆ ಅಗಲವೂ ನಿಲುಕದು, ಒಳಗೆ ಬೀಳುತ್ತೇನೆಂಬ ಭಯ ಸುಳ್ಳೇನಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಬಹಳಷ್ಟು ತೋಟದ ಮನೆಗಳಲ್ಲಿ ಶೌಚಾಲಯ ಮನೆಯಿಂದ ಹೊರಗೆ, ಅಂಗಳ ದಾಟಿ. ಜಡಿಮಳೆಯ ಕತ್ತಲಲ್ಲಿ, ಜಿಗಣೆ ಓಡಾಡುವ ಜಾಗಕ್ಕೆ ಮಗು ಬರಲೊಲ್ಲದು, ಬರದಿದ್ದರೆ ಅದರ ತಪ್ಪೂ ಅಲ್ಲ. ಮಳೆಗಾಲ ಮುಗಿಯುವ ತನಕ ಒಳಬಚ್ಚಲಿನ ಮೂಲೆಯಲ್ಲಿ, ಹಂಡೆಯ ಒಲೆಯ ಬಿಸಿ ಇರುವಲ್ಲಿ ಒಂದು ಸಣ್ಣ ಪಾಟಿ ಇಟ್ಟರೆ ಹೊತ್ತು ತಪ್ಪುವುದಿಲ್ಲ. ಇನ್ನೊಂದು ಬಾಯಿಯ ವಿಷಯ. ಡೈಪರ್ ಬಿಚ್ಚುವಾಗ ನಾವು ನಗುತ್ತಲೇ 'ಛೀ, ಇಸ್ಸಿ, ನಾತ' ಅನ್ನುತ್ತೇವೆ. ಟಾಬ್‌ಮನ್ ಬಳಗ 2003ರಲ್ಲಿ ಒಂದು ಗುಂಪಿನ ತಂದೆತಾಯಿಗಳಿಗೆ, ಕಲಿಕೆ ಶುರುಮಾಡುವ ಮೊದಲಿನಿಂದಲೇ ಮಲದ ಬಗ್ಗೆ ಹೇಸಿಗೆಯ ಮಾತಾಡಬೇಡಿ, ಡೈಪರಿನಲ್ಲಿ ಮಾಡಿದರೂ ಮೆಚ್ಚಿಕೊಳ್ಳಿ ಎಂದು ಹೇಳಿತು. ಒಲ್ಲೆ ಎನ್ನುವ ಮಕ್ಕಳ ಸಂಖ್ಯೆ ಅದರಿಂದ ಕಡಿಮೆಯಾಗಲಿಲ್ಲ, ಆದರೆ ಒಲ್ಲೆ ಎಂದವರು ಬೇಗ ದಾರಿಗೆ ಬಂದರು. ಮಾತಿಗೆ ಇರುವ ಬಲ ಅಷ್ಟೇ, ಆದರೂ ಅದಕ್ಕೆ ಖರ್ಚೇನೂ ಇಲ್ಲವಲ್ಲ.

ಮೇಲೆ ಹೇಳಿದ್ದೆಲ್ಲ ಕರುಳು ನರ ನೆಟ್ಟಗಿರುವ ಮಕ್ಕಳ ಮಾತು. ಮಲಬದ್ಧತೆ ಇರುವ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಅಂಥವರೇ. ಉಳಿದ ಕೆಲವರನ್ನು ಗುರುತಿಸಲು ತಾಯಿಯ ನೆನಪು ದೊಡ್ಡ ಸಾಕ್ಷಿ. ಹುಟ್ಟಿದ ಕೂಸು ಮೊದಲ ಕಪ್ಪು ಮಲವನ್ನು 48 ಗಂಟೆಯೊಳಗೆ ಹಾಕಿತ್ತೇ? ತೊಂದರೆ ಮೊದಲ ತಿಂಗಳಿನಿಂದಲೇ ಇದೆಯೇ? ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಬೆಳೆಯದ ಹರ್ಷ್‌ಸ್ಪ್ರಂಗ್ ಕಾಯಿಲೆಯಲ್ಲಿ ಒಳಬಳೆ ತಾನಾಗಿ ಸಡಿಲಾಗುವುದಿಲ್ಲ, ಅಲ್ಲಿ ಪುಡಿಯೂ ಪಪ್ಪಾಯಿಯೂ ಕೆಲಸಕ್ಕೆ ಬಾರವು, ಶಸ್ತ್ರಚಿಕಿತ್ಸೆಯೇ ಬೇಕು. ಹೊಟ್ಟೆ ಉಬ್ಬರಿಸಿ ಹಸಿರು ವಾಂತಿ, ಪಟ್ಟಿಯಂತೆ ಸಣ್ಣಗೆ ಬರುವ ಮಲ, ತೂಕ ಏರದಿರುವುದು, ಬೆನ್ನಿನ ಬುಡದಲ್ಲಿ ಗುಳಿ ಅಥವಾ ಕೂದಲ ಗೊಂಚಲು, ನಡಿಗೆಯಲ್ಲಿ ಹೊಸ ದುರ್ಬಲತೆ ಕಂಡರೂ ಕಾಯಬಾರದು. ಮೊದಲ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ, ಮುಂದಿನದಕ್ಕೆ ಈ ಭಾಗದವರು ಶಿವಮೊಗ್ಗದ ಮೆಗ್ಗಾನ್‌ಗೋ, ಘಾಟಿ ಇಳಿದು ಮಣಿಪಾಲಕ್ಕೋ ಹೋಗುವುದು ರೂಢಿ. ಹೊಟ್ಟೆ ಉಬ್ಬರ, ಹಸಿರು ವಾಂತಿ ಇದ್ದರೆ ಮಾತ್ರ ಅದೇ ದಿನ ಹೊರಡಬೇಕು.

ನಮ್ಮ ಊಹೆಯ ಮನೆಯ ಮಗುವಿನಲ್ಲಿ ಇದಾವುದೂ ಇಲ್ಲ. ಆಷಾಢದಲ್ಲಿ ಆಡಿನ ಹಿಕ್ಕೆಯಂತಿದ್ದದ್ದು ಶ್ರಾವಣ ಕಳೆಯುವಾಗ ಹಣ್ಣಾದ ಬಾಳೆಯಷ್ಟು ಮೆತ್ತಗಾಗಿರುತ್ತದೆ, ದೀಪಾವಳಿಯ ಹೊತ್ತಿಗೆ ಅದು ಬಚ್ಚಲ ಮೂಲೆಯ ಪಾಟಿಯ ಮೇಲೆ ತಾನಾಗಿ ಕೂರುತ್ತಿರಬಹುದು. ಮನೆಯವರು ನಿರಾಳವಾಗಿ ಪುಡಿ ನಿಲ್ಲಿಸುವುದು ಸಾಮಾನ್ಯವಾಗಿ ಆಗಲೇ. ಹಬ್ಬದ ನೆಂಟರ ಗದ್ದಲ, ಪ್ರಯಾಣ, ಎರಡು ದಿನದ ಜ್ವರ, ಅಂಗನವಾಡಿಯ ಹೊಸ ಬಚ್ಚಲು, ಯಾವುದಾದರೂ ಒಂದು ಸಾಕು, ಮಲ ಮತ್ತೆ ಗಟ್ಟಿಯಾಗಲು. ಹಾಗಾಗಿ ಡೋಸನ್ನು ಒಮ್ಮೆಗೇ ನಿಲ್ಲಿಸದೆ ವೈದ್ಯರನ್ನು ಕೇಳಿಕೊಂಡು ಹಂತಹಂತವಾಗಿ ಇಳಿಸುತ್ತ, ಗೋಡೆಯ ಕ್ಯಾಲೆಂಡರಿನಲ್ಲಿ ಮಗು ಹೋದ ದಿನಕ್ಕೊಂದು ಗುರುತು ಹಾಕುತ್ತಿರಬೇಕು. ಎರಡು ದಿನ ಗುರುತು ಬೀಳದೆ, ಮೂರನೆಯ ದಿನ ಮಗು ಮತ್ತೆ ಬಾಗಿಲ ಸಂದಿಯಲ್ಲಿ ತುದಿಗಾಲ ಮೇಲೆ ನಿಂತರೆ ಹಳೆಯ ಡೋಸಿಗೆ ಆ ಸಂಜೆಯೇ ಮರಳಬೇಕು.